ಸೆರಗಿನ ಎಳೆ ನೇಯ್ದವರು ಯಾರು?

ಇಳಕಲ್ ಸೀರೆ ಉಟ್ಟು ಕುರ್ಚಿಯ ಮೇಲೆ ಕೂತ ಅಜ್ಜಿಯದೊಂದು ಬಣ್ಣದ ಫೋಟೊ ಇದೆ ಎಂದಿಟ್ಟುಕೊಳ್ಳಿ. ಎಂಬತ್ತರ ದಶಕದ್ದು. ಮೂಲ ಪ್ರತಿ ಯಾವ ನೆಂಟರ ಮನೆಯ ಟ್ರಂಕಿನಲ್ಲಿದೆಯೋ ಯಾರಿಗೂ ನೆನಪಿಲ್ಲ. ಉಳಿದಿರುವುದು ಯಾರೋ ಮೊಬೈಲಿನಲ್ಲಿ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ ನಕಲು ಮಾತ್ರ. ಅಗಲ 768 ಪಿಕ್ಸೆಲ್, ಎತ್ತರ 1024 ಪಿಕ್ಸೆಲ್. ಗದ್ದದ ಮೇಲೆ ಹಸಿರು ಹಚ್ಚೆಯ ಚುಕ್ಕೆಗಳಿವೆ, ಹಿಂದಿನ ಗೋಡೆಗೆ ಕನ್ನಡದ ಕ್ಯಾಲೆಂಡರ್ ತೂಗುಬಿದ್ದಿದೆ. ಈಗ ಇದನ್ನು ದೊಡ್ಡದಾಗಿ ಮುದ್ರಿಸಿ ಕಟ್ಟು ಹಾಕಿಸಬೇಕು. ನಾಲ್ಕು ಪಟ್ಟು ಹಿಗ್ಗಿಸಿದರೆ 3072×4096 ಪಿಕ್ಸೆಲ್ ಆಗುತ್ತದೆ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಅದು ಸುಮಾರು ಹತ್ತು ಇಂಚು ಅಗಲ, ಹದಿಮೂರೂವರೆ ಇಂಚು ಎತ್ತರದ ಮುದ್ರಣಕ್ಕೆ ಸಾಕು.

ಲೆಕ್ಕ ಇಷ್ಟೇ ಸುಲಭವಾಗಿದ್ದರೆ ಈ ಲೇಖನ ಬೇಕಿರಲಿಲ್ಲ. ಎರಡೂ ದಿಕ್ಕಿಗೆ ನಾಲ್ಕು ಪಟ್ಟು ಎಂದರೆ ಮೂಲದ ಒಂದು ಪಿಕ್ಸೆಲ್ ಇದ್ದ ಜಾಗದಲ್ಲಿ ಈಗ ಹದಿನಾರು ಪಿಕ್ಸೆಲ್‌ಗಳಿರಬೇಕು. ಅಂದರೆ ಮುದ್ರಣದಲ್ಲಿ ಕಾಣುವ ಹದಿನಾರರಲ್ಲಿ ಹದಿನೈದು ಪಾಲನ್ನು ಕ್ಯಾಮೆರಾ ನೋಡೇ ಇಲ್ಲ. ಬೈಕ್ಯೂಬಿಕ್, ಲ್ಯಾಂಕ್ಝೋಸ್ ಮುಂತಾದ ಹಳೆಯ ವಿಧಾನಗಳು ಆ ಹದಿನೈದನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಲೆಕ್ಕಹಾಕಿ ತುಂಬುತ್ತವೆ. ಚಿತ್ರ ಮಬ್ಬಾಗುತ್ತದೆ, ಆದರೆ ಇಲ್ಲದ್ದೇನೂ ಬಂದು ಸೇರುವುದಿಲ್ಲ. 2021ರಲ್ಲಿ ಬಂದ ರಿಯಲ್-ಇಎಸ್ಆರ್‌ಗ್ಯಾನ್ ಥರದವು ಸಾವಿರಾರು ಚಿತ್ರಗಳಿಂದ ಕಲಿತು ಅಂಚುಗಳನ್ನು ಚುರುಕುಗೊಳಿಸುತ್ತವೆ. ಚರ್ಮ ಕೊಂಚ ಪ್ಲಾಸ್ಟಿಕ್ಕಿನಂತೆ ಕಂಡರೂ ಮುಖ ಸಾಮಾನ್ಯವಾಗಿ ಅದೇ ಮುಖವಾಗಿ ಉಳಿಯುತ್ತದೆ. ಡಿಫ್ಯೂಷನ್ ಆಧಾರಿತ ಅಪ್‌ಸ್ಕೇಲರ್‌ಗಳ ಜಾತಿಯೇ ಬೇರೆ. ಅವು ನಿಜಕ್ಕೂ ಹೊಸದಾಗಿ ಚಿತ್ರ ಬರೆಯುತ್ತವೆ. ಚರ್ಮದ ರಂಧ್ರ, ಬಟ್ಟೆಯ ನೂಲು, ಕೂದಲಿನ ಎಳೆ, ಗೋಡೆಯ ಸುಣ್ಣದ ಒರಟುತನ, ಎಲ್ಲವೂ ಫೋಟೊದಷ್ಟೇ ನಿಜವಾಗಿ ಬರುತ್ತವೆ. ಅವು ನಮ್ಮ ಅಜ್ಜಿಯ ಫೋಟೊದಿಂದಲೇ ಬಂದವೋ ಅಥವಾ ಯಂತ್ರ ಹಿಂದೆ ನೋಡಿದ ಇನ್ಯಾರದೋ ಅಜ್ಜಿಯರಿಂದ ಬಂದವೋ ಎಂಬುದನ್ನು ಕಣ್ಣು ಹೇಳಲಾರದು.

ಈ ಕಲ್ಪನೆಗೆ ಕಡಿವಾಣ ಹಾಕಲು ಬಳಸುವವರ ಕೈಯಲ್ಲಿ ಮುಖ್ಯವಾಗಿ ಇರುವುದು ಎರಡು: `Denoising strength` ಎಂಬ ಸ್ಲೈಡರ್, ಮತ್ತು ಪ್ರಾಂಪ್ಟ್ ಬರೆಯುವ ಪೆಟ್ಟಿಗೆ. ಮೊದಲನೆಯದು ಯಂತ್ರ ಎಷ್ಟು ದೊಡ್ಡ ವಿವರದವರೆಗೆ ಕೈ ಹಾಕಬಹುದು ಎಂದು ಗೊತ್ತುಮಾಡುತ್ತದೆ. ಎರಡನೆಯದು ಹಾಗೆ ಕೈ ಹಾಕಿದ ಜಾಗದಲ್ಲಿ ಏನನ್ನು ಬರೆಯಬೇಕು ಎಂದು ಗೊತ್ತುಮಾಡುತ್ತದೆ. ಇವೆರಡರ ಕೆಲಸ ಬೇರೆಬೇರೆ ಎಂಬುದು ತಿಳಿಯದೆ ಒಂದರ ತಪ್ಪನ್ನು ಇನ್ನೊಂದರಿಂದ ತಿದ್ದಲು ಹೋಗುವುದರಿಂದಲೇ ಬಹುಪಾಲು ಚಿತ್ರಗಳು ಕೆಡುತ್ತವೆ.

ಸ್ಟ್ರೆಂತ್ ಅನ್ನುವುದು ಏನನ್ನು ಅಳೆಯುತ್ತದೆ ಎಂದು ನೋಡೋಣ. 2022ರ ಆಗಸ್ಟಿನಲ್ಲಿ ಎಲ್ಲರ ಕೈಗೆ ಸಿಕ್ಕ ಸ್ಟೇಬಲ್ ಡಿಫ್ಯೂಷನ್ನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಪ್‌ಸ್ಕೇಲ್ ಮಾಡುವಾಗ ಅದು ಸಣ್ಣ ಚಿತ್ರವನ್ನು ನೇರವಾಗಿ ಹಿಗ್ಗಿಸುವುದಿಲ್ಲ. ಮೊದಲು ಹಳೆಯ ಯಾವುದಾದರೂ ವಿಧಾನದಿಂದ ಚಿತ್ರವನ್ನು ಬೇಕಾದ ಅಳತೆಗೆ ಎಳೆಯಲಾಗುತ್ತದೆ. ಆ ಮಬ್ಬು ದೊಡ್ಡ ಚಿತ್ರವನ್ನು 8×8 ಪಿಕ್ಸೆಲ್‌ಗಳ ಒಂದೊಂದು ಚೌಕಕ್ಕೆ ನಾಲ್ಕೇ ಅಂಕೆಗಳಂತೆ ಸಂಕ್ಷೇಪಿಸಲಾಗುತ್ತದೆ. ಆಮೇಲೆ ಅದರೊಳಗೆ ಬೇಕೆಂದೇ ನಾಯ್ಸ್, ಅಂದರೆ ಗೊತ್ತುಗುರಿಯಿಲ್ಲದ ಅಂಕೆಗಳ ಗದ್ದಲವನ್ನು ಬೆರೆಸಲಾಗುತ್ತದೆ. ಗದ್ದಲವನ್ನು ಹಂತಹಂತವಾಗಿ ತೆಗೆದು ಅದರಡಿಯಿಂದ ಚಿತ್ರ ಎಬ್ಬಿಸುವುದು ಮಾದರಿ ಕಲಿತಿರುವ ವಿದ್ಯೆ. ಹೀಗೆ ಗದ್ದಲ ಬೆರೆಸಿ ಮತ್ತೆ ತೆಗೆದು ಚಿತ್ರ ತಿದ್ದುವ ಉಪಾಯವನ್ನು 2021ರಲ್ಲಿ ಎಸ್‌ಡಿಎಡಿಟ್ ಎಂಬ ಸಂಶೋಧನಾ ಪ್ರಬಂಧ ವಿವರಿಸಿತ್ತು. ಎಷ್ಟು ಗದ್ದಲ ಬೆರೆಸಬೇಕು ಎಂಬುದೇ ಸ್ಟ್ರೆಂತ್. ಸೊನ್ನೆ ಎಂದರೆ ಏನೂ ಬೆರೆಸಬೇಡ, ಒಂದು ಎಂದರೆ ಮೂಲ ಚಿತ್ರ ಪೂರ್ತಿ ಮುಳುಗುವಷ್ಟು ಬೆರೆಸು ಎಂದರ್ಥ.

0.3 ಎಂದು ಕೇಳಿದರೆ ಮೂವತ್ತು ಪಾಲು ಹೊಸದು, ಎಪ್ಪತ್ತು ಪಾಲು ಹಳೆಯದು ಎಂದು ಅನ್ನಿಸುತ್ತದೆ. ವಾಸ್ತವ ಹಾಗಿಲ್ಲ. ಸ್ಟೇಬಲ್ ಡಿಫ್ಯೂಷನ್ 1.5ರಲ್ಲಿ ನಾಯ್ಸ್ ಏರುವ ಕ್ರಮ ಪ್ರಕಟವಾಗಿಯೇ ಇದೆ. ಅದನ್ನು ಹಿಡಿದು ಲೆಕ್ಕ ಹಾಕಿದರೆ 0.2ಕ್ಕೆ ಮೂಲದ ಬಲ ಸುಮಾರು 0.87, ಗದ್ದಲದ ಬಲ 0.5. 0.35ರ ಹೊತ್ತಿಗೆ ಎರಡೂ ಸರಿಸಮ. 0.5ಕ್ಕೆ ಬಂದರೆ ಮೂಲ 0.53ಕ್ಕೆ ಇಳಿದು ಗದ್ದಲ 0.85ಕ್ಕೆ ಏರಿರುತ್ತದೆ. ಸ್ಲೈಡರ್ ಅರ್ಧದಲ್ಲಿ ನಿಂತಾಗ ಚಿತ್ರ ಅರ್ಧದಲ್ಲಿ ಇರುವುದಿಲ್ಲ, ಗದ್ದಲದ ಪಾಲಿಗೆ ಆಗಲೇ ಹೋಗಿರುತ್ತದೆ. ನುರಿತವರು ಅಪ್‌ಸ್ಕೇಲ್ ಮಾಡುವಾಗ 0.35ನ್ನು ಒಂದು ಗಡಿಯಂತೆ ಕಾಣುವುದಕ್ಕೆ ಈ ಲೆಕ್ಕ ಒಪ್ಪುವ ಕಾರಣ ಕೊಡುತ್ತದೆ.

ಇನ್ನೂ ಮುಖ್ಯವಾದದ್ದು, ಗದ್ದಲದಲ್ಲಿ ಯಾವುದು ಮೊದಲು ಕಾಣೆಯಾಗುತ್ತದೆ ಎಂಬುದು. ಮಡಿಕೇರಿ ಕಡೆ ಮಂಜು ದಟ್ಟವಾಗುವಾಗ ಮೊದಲು ಎಲೆ ಕಾಣದಾಗುತ್ತದೆ, ಆಮೇಲೆ ಕೊಂಬೆ, ಆಮೇಲೆ ಮರ. ಇಲ್ಲಿಯೂ ಹಾಗೆಯೇ. ಸಾಮಾನ್ಯ ಫೋಟೊಗಳಲ್ಲಿ ದೊಡ್ಡ ಆಕಾರಗಳ ಬಲ ಹೆಚ್ಚು, ಸಣ್ಣ ವಿವರಗಳ ಬಲ ತೀರ ಕಡಿಮೆ. ಬೆರೆಸುವ ನಾಯ್ಸ್ ಮಾತ್ರ ದೊಡ್ಡದು ಸಣ್ಣದು ಎನ್ನದೆ ಎಲ್ಲ ಅಳತೆಗೂ ಒಂದೇ ಸಮ. ಹಾಗಾಗಿ ಸ್ಟ್ರೆಂತ್ ಸ್ವಲ್ಪ ಏರಿದರೆ ನೂಲಿನಷ್ಟು ಸಣ್ಣದ್ದು ಅಳಿಸಿಹೋಗುತ್ತದೆ. ಇನ್ನೂ ಏರಿದರೆ ಅಂಚಿನ ವಿನ್ಯಾಸ ಹೋಗುತ್ತದೆ. ಇನ್ನೂ ಏರಿದರೆ ಕಣ್ಣು ಮೂಗಿನ ಆಕಾರವೇ ಸಂದೇಹಕ್ಕೆ ಬೀಳುತ್ತದೆ. ಅಳಿದದ್ದನ್ನೆಲ್ಲ ಮಾದರಿ ತನ್ನ ಬುದ್ಧಿಯಿಂದ ಮತ್ತೆ ತುಂಬುತ್ತದೆ. ಸ್ಟ್ರೆಂತ್ ಅಂದರೆ ಕಲ್ಪನೆಗೆ ಬಿಟ್ಟುಕೊಟ್ಟ ವಿವರದ ಗಾತ್ರ ಎಂದು ತಿಳಿದರೆ ಸ್ಲೈಡರನ್ನು ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಅರ್ಥ ಬರುತ್ತದೆ.

ನಮ್ಮ ಫೋಟೊಗೆ ಬರೋಣ. ಮೊಬೈಲಿನ ನಕಲಿನಲ್ಲಿ ಸೀರೆಯ ಒಡಲಿನ ನೂಲು ಕಾಣುವುದೇ ಇಲ್ಲ, ಬರೀ ಗಾಢ ಬಣ್ಣ. ಅಲ್ಲಿ ಯಂತ್ರ ನೇಯ್ಗೆ ಬರೆದರೆ ಯಾವ ಸತ್ಯವೂ ಕೆಡುವುದಿಲ್ಲ, ಯಾಕೆಂದರೆ ಫೋಟೊದಲ್ಲಿ ಅಂಥ ಸತ್ಯ ಉಳಿದೇ ಇಲ್ಲ. ತೋಪತೆನಿ ಸೆರಗಿನ ಕೆಂಪಿನ ಮೇಲಿನ ಬಿಳಿ ಚೂಪುಗಳು ಮಾತ್ರ ಆರೆಂಟು ಪಿಕ್ಸೆಲ್ ಅಗಲದಲ್ಲಿ ಮಸುಕಾಗಿಯಾದರೂ ಇವೆ. ಅವು ಉಳಿಯಬೇಕು. ಗದ್ದದ ಹಚ್ಚೆಯ ಚುಕ್ಕೆ ಮೂರು ಪಿಕ್ಸೆಲ್ ಇರಬಹುದು, ಅದಂತೂ ಉಳಿಯಲೇಬೇಕು. 0.15ರಲ್ಲಿ ನಡೆಸಿದರೆ ವಾಟ್ಸಾಪಿನ ಜೆಪೆಗ್ ಚೌಕಗಳೂ ಹಾಗೆಯೇ ಉಳಿದು ಇನ್ನಷ್ಟು ಚೊಕ್ಕವಾಗಿ ಕಾಣುತ್ತವೆ. ಮಾದರಿ ಅವನ್ನೂ ಚಿತ್ರದ ಭಾಗವೆಂದೇ ನಂಬುತ್ತದೆ. 0.3ರ ಸುಮಾರಿನಲ್ಲಿ ಆ ಕಲೆಗಳು ಕರಗಿ ಬಟ್ಟೆಗೆ ಬಟ್ಟೆತನ ಬರುತ್ತದೆ, ಸೆರಗಿನ ಚೂಪುಗಳು ನಿಲ್ಲುತ್ತವೆ. 0.5ಕ್ಕೆ ಹೋದರೆ ಚೂಪುಗಳ ಜಾಗದಲ್ಲಿ ಬಳ್ಳಿಯೋ ಬುಟ್ಟಾವೋ ಬಂದು ಕೂರಬಹುದು. ಹಚ್ಚೆ ಚರ್ಮದ ಕಲೆಯೆಂದು ಅಳಿಸಿಹೋಗುವ ಸಂಭವ ಹೆಚ್ಚು. 0.7ರಲ್ಲಿ ಕುರ್ಚಿಯ ಮೇಲೆ ಕೂತವರು ಅಜ್ಜಿಯ ತಂಗಿಯೇ ಹೊರತು ಅಜ್ಜಿಯಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸುವುದಿಲ್ಲ. ಅಳಿಸುವ ವಿವರದ ಗಾತ್ರ ಲೆಕ್ಕಕ್ಕೆ ಸಿಗುವುದು ಹಿಗ್ಗಿದ ಚಿತ್ರದ ಪಿಕ್ಸೆಲ್‌ನಲ್ಲಿ, ಮೂಲದ ಪಿಕ್ಸೆಲ್‌ನಲ್ಲಲ್ಲ. ಎರಡು ಪಟ್ಟು ಹಿಗ್ಗಿಸಿದಾಗ 8×8ರ ಒಂದು ಚೌಕದೊಳಗೆ ಮೂಲದ 4×4 ಪಿಕ್ಸೆಲ್ ಕೂರುತ್ತವೆ. ನಾಲ್ಕು ಪಟ್ಟಾದರೆ ಬರೀ 2×2. ಅಂದರೆ ಒಂದೇ 0.3 ಎರಡು ಪಟ್ಟಿನಲ್ಲಿ ಹಚ್ಚೆಯನ್ನು ನುಂಗಿಬಿಡಬಹುದು, ನಾಲ್ಕು ಪಟ್ಟಿನಲ್ಲಿ ಬಿಟ್ಟುಬಿಡಬಹುದು. ಗುಂಪಿನ ಫೋಟೊಗಳಲ್ಲಿ ಹಿಂದಿನ ಸಾಲಿನವರ ಮುಖ ಸೊಟ್ಟಗಾಗಿ ಮುಂದಿನವರ ಮುಖ ಚೆನ್ನಾಗಿ ಬರುವುದಕ್ಕೂ ಇದೇ ಕಾರಣ. ಸಣ್ಣ ಮುಖಕ್ಕೆ ಸಿಗುವ ಚೌಕಗಳೇ ಬೆರಳೆಣಿಕೆಯಷ್ಟು. ಹಾಗೆಂದು ಒಮ್ಮೆಗೇ ನಾಲ್ಕು ಪಟ್ಟಿಗೆ ಹಾರುವುದರಲ್ಲೂ ತೊಂದರೆ ಇದೆ. ಚಿತ್ರವನ್ನು ತುಂಡು ಮಾಡಿ ಬರೆಯುವಾಗ ಪ್ರತಿ ತುಂಡಿನಲ್ಲಿ ಮೂಲದ ಸ್ವಲ್ಪವೇ ಭಾಗ ಇರುವುದರಿಂದ, ಕಾಣುತ್ತಿರುವುದು ಕೆನ್ನೆಯೋ ಗೋಡೆಯೋ ಎಂಬುದೇ ಮಾದರಿಗೆ ತಿಳಿಯದೆ ಹೋಗುತ್ತದೆ. ಹಾಗಾಗಿ ಎರಡೆರಡು ಪಟ್ಟಿನ ಎರಡು ಸುತ್ತು ಮಾಡುವವರೇ ಹೆಚ್ಚು. ಎರಡನೆಯ ಸುತ್ತಿನಲ್ಲಿ ಸ್ಟ್ರೆಂತ್ ಇಳಿಸಲೇಬೇಕು. ಮೊದಲ ಸುತ್ತಿನ ಕಲ್ಪನೆ ಎರಡನೆಯ ಸುತ್ತಿಗೆ ಮೂಲವಾಗಿಬಿಡುತ್ತದಲ್ಲ, ಸುಳ್ಳಿಗೆ ಸುಳ್ಳು ಸೇರುತ್ತದೆ.

ತಂತ್ರಾಂಶದಿಂದ ತಂತ್ರಾಂಶಕ್ಕೆ ಈ ಅಂಕೆಗಳು ಹೊಂದುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಆಟೊಮ್ಯಾಟಿಕ್1111ರ ಚಿತ್ರದಿಂದ ಚಿತ್ರ ಮಾಡುವ ಪುಟ ತೆರೆದಾಗ ಸ್ಲೈಡರ್ ತಾನಾಗಿ 0.75ರಲ್ಲಿ ಇರುತ್ತದೆ. ಅದು ಹೊಸ ಚಿತ್ರ ಮಾಡುವವರಿಗೆ ಇಟ್ಟದ್ದು, ಹಳೆಯ ಫೋಟೊ ಉಳಿಸುವವರಿಗಲ್ಲ. ಫ್ಲಕ್ಸ್‌ನಂಥ ಹೊಸ ಮಾದರಿಗಳಲ್ಲಿ ನಾಯ್ಸ್ ಏರುವ ಕ್ರಮವೇ ಬೇರೆ, ಆದ್ದರಿಂದ ಒಂದರ 0.3 ಇನ್ನೊಂದರ 0.3 ಅಲ್ಲ. ಮ್ಯಾಗ್ನಿಫಿಕ್‌ನಂಥ ಹಣ ಕೊಟ್ಟು ಬಳಸುವ ಸೇವೆಗಳಲ್ಲಿ ಅಂಕೆ ಅಡಗಿಕೊಂಡು `Creativity`, `Resemblance` ಎಂಬ ಹೆಸರು ಕಾಣುತ್ತವೆ. ಹೆಸರು ಯಾವುದಾದರೂ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಒಂದು ಗೆರೆ ಸರಿಸಿದರೆ ಚಿತ್ರದಲ್ಲಿ ಎಷ್ಟು ದೊಡ್ಡ ಸಂಗತಿ ಬದಲಾಗುತ್ತದೆ?

ಈಗ ಪ್ರಾಂಪ್ಟ್. ಅಂತರ್ಜಾಲದಲ್ಲಿ ಸಿಗುವ ಸಲಹೆಗಳನ್ನು ನಂಬಿ ಹೆಚ್ಚಿನವರು ಬರೆಯುವುದು ಇಂಥದ್ದನ್ನು:

```
masterpiece, best quality, beautiful woman, silk saree,
gold zari, flawless detailed skin, sharp focus, 8k
```

ಇದು ಅಜ್ಜಿಯ ಫೋಟೊ ಕುರಿತ ವಿವರಣೆಯಲ್ಲ, ಬೇರೆ ಯಾವುದೋ ಚಿತ್ರಕ್ಕೆ ಕೊಟ್ಟ ಆರ್ಡರ್. ಗದ್ದಲದಲ್ಲಿ ಅಳಿದ ಜಾಗವನ್ನು ತುಂಬುವಾಗ ಮಾದರಿ ಈ ಒಂದೊಂದು ಮಾತನ್ನೂ ನಿಜ ಮಾಡಲು ಹವಣಿಸುತ್ತದೆ. ಸುಂದರ ಎಂದದ್ದಕ್ಕೆ ಸುಕ್ಕು ಹೋಗುತ್ತದೆ, ಕಲೆಯಿಲ್ಲದ ಚರ್ಮ ಎಂದದ್ದಕ್ಕೆ ಹಚ್ಚೆ ಹೋಗುತ್ತದೆ, ಜರಿ ಎಂದದ್ದಕ್ಕೆ ಹತ್ತಿಯ ಅಂಚಿಗೆ ಚಿನ್ನ ಹತ್ತುತ್ತದೆ. ಇಂಥ ಮಾದರಿಗಳು ಅಂತರ್ಜಾಲದಿಂದ ಬಾಚಿದ ಚಿತ್ರಗಳನ್ನೂ ಅವುಗಳ ಅಡಿಬರಹಗಳನ್ನೂ ಜೋಡಿಸಿ ಕಲಿತಿವೆ. ಅಲ್ಲಿ ಸೀರೆಯೆಂದರೆ ಬಹುತೇಕ ಅಂಗಡಿಯ ಜಾಹೀರಾತಿನದು, ಇಲ್ಲವೇ ಮದುವೆಯದು. ದಿನಬಳಕೆಯ ಇಳಕಲ್ ಸೀರೆಯ ಪಾಲು ಅಲ್ಲಿ ದೊಡ್ಡದಿರಲಾರದು. ಆದ್ದರಿಂದ ಸೀರೆಯ ಊರಿನ ಹೆಸರು ಹೇಳುವುದಕ್ಕಿಂತ ಕಣ್ಣಿಗೆ ಕಾಣುವ ರೂಪವನ್ನು ಹೇಳುವುದು ಸುರಕ್ಷಿತ:

```
faded 1980s color photograph, elderly woman seated,
cotton saree, plain dark body, red border,
wrinkled skin, soft daylight, film grain
```

ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಫೋಟೊದಲ್ಲಿ ಇರುವುದು ಮಾತ್ರ ಇದೆ, ಮಸುಕಾದ ಬಣ್ಣ ಮತ್ತು ಫಿಲಂ ಕಾಳು ಕೂಡ. ಹಳೆಯ ಫೋಟೊದ ಕಾಳನ್ನು ಹೆಸರಿಸದಿದ್ದರೆ ಮಾದರಿ ಅದನ್ನು ಚರ್ಮದ ರಂಧ್ರವೆಂದೋ ಬಟ್ಟೆಯ ಒರಟೆಂದೋ ತಪ್ಪು ತಿಳಿದು ಅದರ ಮೇಲೆಯೇ ವಿನ್ಯಾಸ ಕಟ್ಟುವುದುಂಟು. ಬೇಡದ್ದನ್ನು ಈ ಪೆಟ್ಟಿಗೆಯಲ್ಲಿ ಬರೆಯಬಾರದು. ಕನ್ನಡಕ ಇಲ್ಲ ಎಂದು ಬರೆದರೆ ಕನ್ನಡಕವೇ ಬರುವ ಸಾಧ್ಯತೆ ಹೆಚ್ಚು, ಏಕೆಂದರೆ ಪದಗಳನ್ನು ಓದುವ ಭಾಗಕ್ಕೆ ನಿಷೇಧ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೆಂದೇ ನೆಗೆಟಿವ್ ಪ್ರಾಂಪ್ಟಿನ ಬೇರೆ ಪೆಟ್ಟಿಗೆ ಇದೆ. ಮೇಕಪ್, ಆಭರಣ, ಕಸೂತಿ, ನುಣುಪು ಚರ್ಮ ಇವು ಅಲ್ಲಿಗೆ ಹೋಗಲಿ. ಆ ಪೆಟ್ಟಿಗೆಯನ್ನೂ ಉದ್ದುದ್ದ ತುಂಬುವ ಚಟ ಒಳ್ಳೆಯದಲ್ಲ. ಮಬ್ಬು ಬೇಡ ಎಂದು ಬರೆದರೆ ಮೂಲದಲ್ಲೇ ಮಬ್ಬಾಗಿರುವ ಹಿನ್ನೆಲೆಯ ಗೋಡೆಯೂ ಚೂಪಾಗಿ ಮುಂದೆ ಬಂದು ನಿಲ್ಲುತ್ತದೆ.

ಪ್ರಾಂಪ್ಟಿಗೆ ಎಷ್ಟು ಗಟ್ಟಿಯಾಗಿ ಕಿವಿಗೊಡಬೇಕು ಎಂಬುದನ್ನು `CFG Scale` ಎಂಬ ಇನ್ನೊಂದು ಅಂಕೆ ಹೇಳುತ್ತದೆ. ಅದು ಸಾಮಾನ್ಯವಾಗಿ 7ರಲ್ಲಿ ಇರುತ್ತದೆ. ಫೋಟೊ ಹಿಗ್ಗಿಸುವಾಗ ಅಷ್ಟು ಗಟ್ಟಿ ಬೇಕಿಲ್ಲ, 3ರಿಂದ 5 ಸಾಕು. ಏರಿಸಿದಂತೆ ಬಣ್ಣ ಕಡುವಾಗುತ್ತದೆ, ಬೆಳಕು ನೆರಳಿನ ಅಂತರ ಹೆಚ್ಚುತ್ತದೆ, ಪ್ರತಿ ಸುಕ್ಕೂ ಉಳಿಯಲ್ಲಿ ಕೊರೆದಂತೆ ಕಾಣುತ್ತದೆ. ಸ್ಟ್ರೆಂತ್ ಕಡಿಮೆ ಇಟ್ಟೂ ಚಿತ್ರ ಅತಿಯಾಯಿತು ಅನ್ನಿಸಿದರೆ ಮೊದಲು ನೋಡಬೇಕಾದದ್ದು ಈ ಅಂಕೆಯನ್ನೇ.

ತುಂಡುಗಳ ಸಮಸ್ಯೆಯನ್ನು ಆಗಲೇ ಮುಟ್ಟಿದೆ. ದೊಡ್ಡ ಚಿತ್ರ ಒಮ್ಮೆಗೇ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಹಿಡಿಸುವುದಿಲ್ಲ. ಅದನ್ನು 512 ಪಿಕ್ಸೆಲ್‌ನ ಟೈಲ್‌ಗಳಾಗಿ ಕತ್ತರಿಸಿ ಒಂದೊಂದನ್ನೇ ಬರೆದು ಹೊಲಿಯುತ್ತಾರೆ. ಪ್ರಾಂಪ್ಟ್ ಮಾತ್ರ ಎಲ್ಲ ಟೈಲಿಗೂ ಒಂದೇ. ಬರೀ ಗೋಡೆ ಇರುವ ಟೈಲಿಗೂ ವೃದ್ಧ ಮಹಿಳೆ ಕೂತಿದ್ದಾಳೆ ಎಂದೇ ಹೇಳಲಾಗುತ್ತದೆ. ಸ್ಟ್ರೆಂತ್ ಹೆಚ್ಚಿದ್ದರೆ ಗೋಡೆಯ ತೇವದ ಕಲೆಯಲ್ಲಿ ಪುಟ್ಟ ಮುಖ ಮೂಡುವುದು, ಸೀರೆಯ ಮಡಿಕೆಯಲ್ಲಿ ಇನ್ನೊಬ್ಬ ಹೆಂಗಸು ಕಾಣಿಸಿಕೊಳ್ಳುವುದು ಇದರಿಂದಲೇ. ಮೊದಲ ಸಲ ನೋಡಿದವರು ಬೆಚ್ಚುತ್ತಾರೆ. ಟೈಲ್ ಬಳಸುವಾಗ ಪ್ರಾಂಪ್ಟಿನಿಂದ ವ್ಯಕ್ತಿಯನ್ನೇ ತೆಗೆದು ಫೋಟೊದ ಗುಣವನ್ನಷ್ಟೇ ಉಳಿಸುವುದು, ಅಂದರೆ ಹಳೆಯ ಬಣ್ಣದ ಫೋಟೊ, ಮೃದು ಬೆಳಕು, ಫಿಲಂ ಕಾಳು ಎಂದು ನಿಲ್ಲಿಸುವುದು ಒಂದು ದಾರಿ.

ಇನ್ನೊಂದು ದಾರಿ ಕಂಟ್ರೋಲ್‌ನೆಟ್ ಟೈಲ್. 2023ರಲ್ಲಿ ಬಂದ ಈ ಜೋಡಣೆ ಮೂಲ ಚಿತ್ರವನ್ನು ಗದ್ದಲ ತೆಗೆಯುವ ಹಂತಗಳಲ್ಲಿ ಮಾದರಿಯ ಕಣ್ಣೆದುರು ಹಿಡಿದಿರುತ್ತದೆ. ಟೈಲಿನಲ್ಲಿ ಕಾಣುವುದಕ್ಕೂ ಪ್ರಾಂಪ್ಟಿಗೂ ತಾಳೆಯಾಗದಿದ್ದರೆ ಪ್ರಾಂಪ್ಟನ್ನು ಬದಿಗಿಟ್ಟು ಕಾಣುವುದನ್ನೇ ನಂಬುವಂತೆ ಅದನ್ನು ರೂಪಿಸಲಾಗಿದೆ. ಗೋಡೆಯಲ್ಲಿ ಮುಖ ಮೂಡುವ ಪೀಡೆ ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ, ಸ್ಟ್ರೆಂತನ್ನು ಏರಿಸಿದರೂ ಆಕೃತಿ ಕದಲುವುದಿಲ್ಲ. ಆದರೆ ಇದನ್ನು ಪೂರ್ತಿ ರಕ್ಷಣೆ ಎಂದು ನಂಬಿದವರೇ ಹೆಚ್ಚು ಮೋಸಹೋಗುತ್ತಾರೆ. ಮೂಲದ ಸಣ್ಣ ವಿವರಗಳನ್ನು ಕಡೆಗಣಿಸಿ ಅವುಗಳ ಜಾಗದಲ್ಲಿ ಹೊಸ ವಿವರ ಬರೆಯುವುದು ಕೂಡ ಇದನ್ನು ಮಾಡಿದವರು ಹೇಳಿಕೊಂಡಿರುವ ಗುಣವೇ. ಅಂದರೆ ಮುಖ ಇದ್ದಲ್ಲಿ ಮುಖ, ಸೆರಗು ಇದ್ದಲ್ಲಿ ಸೆರಗು ಉಳಿಯುತ್ತದೆ. ಸೆರಗಿನ ಚೂಪು ಉಳಿಯುತ್ತದೆ ಎಂಬ ಮಾತು ಅದು ಕೊಟ್ಟಿಲ್ಲ.

ಹೀಗೆ ಎಲ್ಲ ಸೇರಿ ನಮ್ಮ ಫೋಟೊದ ಮೊದಲ ಸುತ್ತಿಗೆ ಹೊಂದಬಹುದಾದ ಅಂಕೆಗಳು ಇವು:

```
Upscale: 2x        Steps: 30
Denoising strength: 0.3
CFG Scale: 4       Seed: 1001
Tile: 512          Padding: 64
ControlNet: tile_resample, weight 0.8
```

ಸ್ಟ್ರೆಂತ್ 0.3 ಇದ್ದಾಗ ಮೂವತ್ತು ಹಂತಗಳಲ್ಲಿ ನಿಜಕ್ಕೂ ನಡೆಯುವುದು ಕೊನೆಯ ಒಂಬತ್ತೇ. ಇನ್ನೂ ಇಳಿಸುವುದಾದರೆ ಒಟ್ಟು ಹಂತಗಳನ್ನು ಏರಿಸಬೇಕು, ಇಲ್ಲವಾದರೆ ಗದ್ದಲವನ್ನು ಚೆನ್ನಾಗಿ ತೆಗೆಯಲು ಹಂತಗಳೇ ಸಾಲದೆ ಹೋಗಬಹುದು. ಪ್ಯಾಡಿಂಗ್ ಎಂದರೆ ಪ್ರತಿ ಟೈಲ್ ತನ್ನ ನೆರೆಯ ಟೈಲಿನೊಳಗೆ ಎಷ್ಟು ಇಣುಕಬೇಕು ಎಂಬುದು. ತೀರ ಕಡಿಮೆಯಾದರೆ ಹೊಲಿಗೆ ಕಾಣುತ್ತದೆ.

ಬಂದ ಚಿತ್ರ ನಂಬಬಹುದಾದದ್ದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಚೆನ್ನಾಗಿದೆ ಅನ್ನಿಸುವುದು ಸಾಕ್ಷಿಯಲ್ಲ, ಚೆನ್ನಾಗಿ ಕಾಣಿಸುವುದೇ ಈ ಮಾದರಿಗಳ ಕಸುಬು. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವ ಪರೀಕ್ಷೆ ಎಂದರೆ ಸೀಡ್ ಬದಲಿಸುವುದು. ಯಾವ ಗದ್ದಲವನ್ನು ಬೆರೆಸಬೇಕು ಎಂದು ಹೇಳುವ ಅಂಕೆಯೇ ಸೀಡ್. ಉಳಿದ ಯಾವುದನ್ನೂ ಮುಟ್ಟದೆ ಅದನ್ನಷ್ಟೇ 1001, 1002, 1003 ಎಂದು ಬದಲಿಸಿ ಮೂರು ಪ್ರತಿ ತೆಗೆಯಬೇಕು. ಮೂರನ್ನೂ ಜಿಂಪ್ ಅಥವಾ ಫೋಟೊಶಾಪಿನಲ್ಲಿ ಒಂದರ ಮೇಲೊಂದು ಇಟ್ಟು ತೋರಿಸುತ್ತ ಮರೆಸುತ್ತ ನೋಡಿದರೆ ಯಾವುದು ಕದಲುತ್ತದೆ, ಯಾವುದು ನಿಲ್ಲುತ್ತದೆ ಎಂದು ತಕ್ಷಣ ಕಾಣುತ್ತದೆ. ನೂಲು, ರಂಧ್ರ, ಬಿಡಿ ಕೂದಲು ಕದಲುತ್ತವೆ. ಕದಲಲಿ, ಅವು ಕಲ್ಪನೆಯೆಂದು ನಮಗೂ ಗೊತ್ತು. ಕಣ್ಣಂಚಿನ ಗೆರೆ, ತುಟಿಯ ಕೊನೆ, ಸೆರಗಿನ ಚೂಪುಗಳ ಎಣಿಕೆ, ಹಚ್ಚೆ ಕದಲಿದರೆ ಸ್ಟ್ರೆಂತ್ ಹೆಚ್ಚಾಯಿತು ಎಂದರ್ಥ. ಮೂರು ಪ್ರತಿಯಲ್ಲಿ ಚೂಪುಗಳು ಏಳು, ಒಂಬತ್ತು, ಎಂಟು ಎಂದು ಬಂದರೆ ಆ ಮೂರೂ ಸುಳ್ಳೇ. ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿ ಮುದ್ರಿಸುವುದು ಎಲ್ಲಕ್ಕಿಂತ ಚೆಂದದ ಸುಳ್ಳನ್ನು ಆರಿಸಿದಂತೆ.

ಎರಡನೆಯ ಪರೀಕ್ಷೆ ಹಿಂದಕ್ಕೆ ಕುಗ್ಗಿಸುವುದು. ಹಿಗ್ಗಿಸಿದ ಚಿತ್ರವನ್ನು ಮತ್ತೆ ಮೂಲದ ಅಳತೆಗೆ ತಂದರೆ ಮೂಲಕ್ಕೆ ಹೊಂದಬೇಕು. ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡು ಸಾಲಿನ ಕೆಲಸ:

```
magick output.png -filter Box -resize 768x1024! small.png
magick source.png small.png -compose difference -composite -evaluate multiply 4 diff.png
```

`diff.png` ಬಹುತೇಕ ಕಪ್ಪಾಗಿದ್ದು ಅಂಚುಗಳಲ್ಲಿ ಸಣ್ಣ ಮಿಣುಕು ಮಾತ್ರ ಇದ್ದರೆ ಸರಿ. ಮುಖದ ಮೇಲೆ ಹರಡಿದ ಮಂದ ಬೆಳಕು ಕಂಡರೆ ಮೈಬಣ್ಣ ಬದಲಾಗಿದೆ ಎಂದರ್ಥ. ಇದು ಅಪರೂಪವೇನಲ್ಲ. ಸಂಕ್ಷೇಪಿಸಿ ಬಿಡಿಸುವ ಹಂತದಲ್ಲಿ ಬಣ್ಣ ಕೊಂಚ ಜರುಗುತ್ತದೆ, ಅದರ ಮೇಲೆ ಮಾದರಿಯ ಒಲವು ಬೇರೆ. 2023ರ ಸ್ಟೇಬಲ್‌ಎಸ್ಆರ್ ಎಂಬ ಅಪ್‌ಸ್ಕೇಲರ್ ಮೂಲದ ಬಣ್ಣವನ್ನು ಕೊನೆಯಲ್ಲಿ ಮತ್ತೆ ಹೇರುವ ಹಂತವನ್ನು ಇದಕ್ಕಾಗಿಯೇ ಇಟ್ಟುಕೊಂಡಿದೆ. ಗದ್ದದ ಮೇಲೆ ಒಂಟಿ ಚುಕ್ಕೆ ಹೊಳೆದರೆ ಹಚ್ಚೆ ಹೋಯಿತು.

ಈ ಪರೀಕ್ಷೆಗೂ ಒಂದು ಮಿತಿ ಇದೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪಲ್ಸ್ ಎಂಬ ವಿಧಾನ ಪ್ರಕಟಿಸಿದರು. ಅದು ಡಿಫ್ಯೂಷನ್ ಅಲ್ಲ, ಆದರೆ ಇಲ್ಲಿಗೆ ತೀರ ಸಂಬಂಧಪಟ್ಟದ್ದು. ಕುಗ್ಗಿಸಿದರೆ ಮೂಲಕ್ಕೆ ಹೊಂದುವಂಥ ಮುಖವನ್ನು ಹುಡುಕಿ ಕೊಡುವುದೇ ಅದರ ಕ್ರಮ. ಆ ವರ್ಷ ಯಾರೋ ಬರಾಕ್ ಒಬಾಮಾ ಅವರ ಪಿಕ್ಸೆಲ್ ಕಿತ್ತ ಫೋಟೊ ಕೊಟ್ಟರೆ ಒಬ್ಬ ಬಿಳಿಯನ ಮುಖ ಹೊರಬಂತು. ಕುಗ್ಗಿಸುವ ಪರೀಕ್ಷೆಯಲ್ಲಿ ಆ ಮುಖ ಪಾಸಾಗುತ್ತದೆ, ಆ ಲೆಕ್ಕ ಇಟ್ಟುಕೊಂಡೇ ಅದನ್ನು ಹುಡುಕಿದ್ದು. ಒಂದೇ ಮಬ್ಬು ಚಿತ್ರಕ್ಕೆ ಹೊಂದುವ ಸ್ಪಷ್ಟ ಮುಖಗಳು ನೂರಾರಿರುತ್ತವೆ. ಅವುಗಳಲ್ಲಿ ಯಾವುದನ್ನು ಕೊಡಬೇಕು ಎಂಬುದನ್ನು ಮಾದರಿ ಕಲಿತ ಫೋಟೊಗಳ ರಾಶಿ ತೀರ್ಮಾನಿಸುತ್ತದೆ. ಇಂಥ ಒಲವು ಸೀಡ್ ಪರೀಕ್ಷೆಗೂ ಸಿಗುವುದಿಲ್ಲ, ಏಕೆಂದರೆ ಎಲ್ಲ ಸೀಡಿನಲ್ಲೂ ಅದು ಒಂದೇ ಕಡೆಗೆ ವಾಲುತ್ತದೆ. ಮೂರು ಪ್ರತಿಯಲ್ಲೂ ಅಜ್ಜಿಯ ಮೂಗು ಒಂದೇ ಥರ ತೆಳ್ಳಗಾಗಿದ್ದರೆ ಅದು ಸತ್ಯಕ್ಕೆ ಸಾಕ್ಷಿಯಲ್ಲ. ಪ್ರಾಂಪ್ಟ್ ಖಾಲಿ ಬಿಟ್ಟು ಒಂದು ಪ್ರತಿ ತೆಗೆದು ಹೋಲಿಸಿದರೆ ನಮ್ಮ ಮಾತಿನಿಂದ ಬಂದದ್ದೆಷ್ಟು ಎಂದು ತಿಳಿಯುತ್ತದೆ. ಮಾದರಿಯ ಒಲವು ತಿಳಿಯಲು ಅವರನ್ನು ಕಂಡಿದ್ದವರೊಬ್ಬರು ಬೇಕು, ಅಥವಾ ಅದೇ ಕಾಲದ ಇನ್ನೊಂದು ಫೋಟೊ.

ಮುಖಕ್ಕೂ ಗೋಡೆಗೂ ಒಂದೇ ಸ್ಟ್ರೆಂತ್ ಇರಬೇಕೆಂಬ ನಿಯಮವೇನೂ ಇಲ್ಲ. ಈ ಕೆಲಸದಲ್ಲಿ ಪಳಗಿದವರು ಮೂರು ಪ್ರತಿ ಮಾಡಿಟ್ಟುಕೊಂಡು ಪದರಗಳಾಗಿ ಜೋಡಿಸುತ್ತಾರೆ. ಸೀರೆಯ ಒಡಲು, ಗೋಡೆ, ಕುರ್ಚಿಗೆ 0.3ರ ಪ್ರತಿ. ಮುಖ, ಕೈ, ಸೆರಗಿಗೆ 0.15 ಅಥವಾ 0.2ರದು, ಅದರ ಮೇಲೆ ಬೇಕಿದ್ದರೆ 0.3ರ ಪದರವನ್ನು ಅರ್ಧ ಪಾರದರ್ಶಕ ಮಾಡಿ ಹಾಕುತ್ತಾರೆ. ಕ್ಯಾಲೆಂಡರಿಗೆ ಮಾತ್ರ ಡಿಫ್ಯೂಷನ್ ಬೇಡವೇ ಬೇಡ, ಲ್ಯಾಂಕ್ಝೋಸಿನ ಮಬ್ಬು ಪ್ರತಿಯೇ ಸಾಕು. ಹತ್ತು ಪಿಕ್ಸೆಲ್ ಎತ್ತರದ ಕನ್ನಡ ಅಕ್ಷರ ಆ 8×8ರ ಚೌಕಗಳಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲ ಕಳೆದುಕೊಳ್ಳುತ್ತದೆ. ಮಾದರಿ ಅದನ್ನು ಎಬ್ಬಿಸುವಾಗ ದುಂಡಗೆ, ಕನ್ನಡದಂತೆಯೇ ತೋರುವ, ಯಾವ ಭಾಷೆಯೂ ಅಲ್ಲದ ಗೀಟುಗಳನ್ನು ಬರೆಯುತ್ತದೆ. ಓದಲಾಗದ ಮಬ್ಬು ಅಕ್ಷರವನ್ನು ನೋಡಿದವರು ಮಬ್ಬಾಗಿದೆ ಎನ್ನುತ್ತಾರೆ, ಅಷ್ಟೆ. ಸ್ಪಷ್ಟವಾಗಿ ತಪ್ಪಾದ ಅಕ್ಷರ ಕಂಡರೆ ಇಡೀ ಫೋಟೊವನ್ನೇ ಅನುಮಾನಿಸುತ್ತಾರೆ, ಅದು ನ್ಯಾಯವೂ ಹೌದು.

2024ರಲ್ಲಿ ಬಂದ ಸುಪಿರ್‌ನಂಥ ಅಪ್‌ಸ್ಕೇಲರ್‌ಗಳು ಪ್ರಾಂಪ್ಟ್ ಬರೆಯುವ ಕೆಲಸವನ್ನೂ ಇನ್ನೊಂದು ಮಾದರಿಗೆ ಒಪ್ಪಿಸುತ್ತವೆ. ಅದು ಮಬ್ಬು ಫೋಟೊ ನೋಡಿ ಇಂಗ್ಲಿಷಿನಲ್ಲಿ ವಿವರಣೆ ಬರೆದುಕೊಡುತ್ತದೆ. ಅನುಕೂಲವೇ. ಆದರೆ ಆ ವಿವರಣೆಯನ್ನು ಓದದೆ ಮುಂದೆ ಹೋಗಬಾರದು. ಹಚ್ಚೆಯನ್ನು ಗಾಯವೆಂದು, ಸೆರಗನ್ನು ಶಾಲು ಎಂದು ಅದು ಬರೆದಿದ್ದರೆ ಹಿಗ್ಗಿದ ಚಿತ್ರದಲ್ಲಿ ಗಾಯವೂ ಶಾಲೂ ಬರುವುದು ಸಹಜ. ತಿದ್ದುವ ಅವಕಾಶ ಇರುವೆಡೆ ತಿದ್ದಿ, ಇಲ್ಲದಿದ್ದರೆ ವಿವರಣೆಯನ್ನು ಅಳಿಸಿ ನಾವೇ ಬರೆಯುವುದು ಮೇಲು.

ಈ ಎಚ್ಚರಗಳೆಲ್ಲ ಕಟ್ಟು ಹಾಕಿಸುವ ಫೋಟೊಗೆ ಸಾಕು. ಯಾರು ಯಾರೆಂದು ಗುರುತಿಸಬೇಕಾದ ಕಡೆ ಯಾವ ಸೆಟ್ಟಿಂಗೂ ಸಾಲದು. 2024ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ ನ್ಯಾಯಾಲಯ, ಒಂದು ಕೊಲೆ ಮೊಕದ್ದಮೆಯಲ್ಲಿ ಎಐ ತಂತ್ರಾಂಶದಿಂದ ಹಿಗ್ಗಿಸಿದ ಮೊಬೈಲ್ ವಿಡಿಯೊವನ್ನು ಸಾಕ್ಷಿಯಾಗಿ ಒಪ್ಪಲಿಲ್ಲ. ಮೂಲದಲ್ಲಿ ಇಲ್ಲದ ಪಿಕ್ಸೆಲ್‌ಗಳನ್ನು ಯಂತ್ರ ಸೇರಿಸಿದ ಮೇಲೆ ಅದು ನಡೆದದ್ದನ್ನು ತೋರಿಸುತ್ತಿಲ್ಲ, ಏನು ತೋರಬೇಕು ಎಂದು ಯಂತ್ರ ಎಣಿಸಿತೋ ಅದನ್ನು ತೋರಿಸುತ್ತಿದೆ ಎಂಬುದು ಅಲ್ಲಿನ ಆಕ್ಷೇಪ. ಸ್ಟ್ರೆಂತ್ 0.1ಕ್ಕೆ ಇಳಿಸಿದರೂ ಆ ಆಕ್ಷೇಪಕ್ಕೆ ಉತ್ತರವಿಲ್ಲ. ವಾಹನದ ನಂಬರ್ ಪ್ಲೇಟು, ಶಾಸನದ ಅಕ್ಷರ, ಎಕ್ಸ್‌ರೇ ಫಿಲಂ ಇವೂ ಅದೇ ಸಾಲಿಗೆ ಸೇರುತ್ತವೆ. ಅಲ್ಲಿ ಬೇಕಾದದ್ದು ಇದ್ದದ್ದೇ ಹೊರತು ಇರಬಹುದಾದದ್ದಲ್ಲ.

ಕೊನೆಯದು ಕಡತ ಇಡುವ ವಿಷಯ. ಆಟೊಮ್ಯಾಟಿಕ್1111 ತಾನು ಉಳಿಸುವ ಪಿಎನ್‌ಜಿ ಕಡತದೊಳಗೇ ಪ್ರಾಂಪ್ಟ್, ಸ್ಟ್ರೆಂತ್, ಸೀಡ್ ಎಲ್ಲವನ್ನೂ ಬರೆದಿಡುತ್ತದೆ. `PNG Info` ಎಂಬ ಪುಟದಲ್ಲಿ ಕಡತವನ್ನು ಎಳೆದು ಹಾಕಿದರೆ ಅವು ಕಾಣುತ್ತವೆ. ಅದೇ ಚಿತ್ರ ಒಂದು ಸಲ ವಾಟ್ಸಾಪಿನಲ್ಲಿ ಫೋಟೊವಾಗಿ ಹೋದರೆ ಜೆಪೆಗ್ ಆಗಿ ಆ ಮಾಹಿತಿಯೆಲ್ಲ ಉದುರಿಹೋಗುತ್ತದೆ. ಮನೆಮಂದಿಗೆ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸುವುದು, 768×1024ರ ಮೂಲ ನಕಲನ್ನೂ ಜೊತೆಗೇ ಲಗತ್ತಿಸುವುದು, ಕಡತದ ಹೆಸರಿನಲ್ಲೇ `_upscaled_d030` ಎಂದು ಸೇರಿಸುವುದು, ಇಷ್ಟು ಮಾಡಿಟ್ಟರೆ ಮುಂದೆ ಯಾರಾದರೂ ಆ ಸೆರಗಿನ ವಿನ್ಯಾಸ ನೋಡಿ ಇಂಥ ಸೀರೆ ನೇಯಿಸಬೇಕು ಎಂದು ಹೊರಟಾಗ ಯಾವ ಕಡತವನ್ನು ತೆರೆದು ನೋಡಬೇಕು ಎಂಬುದು ಅವರಿಗೆ ಗೊತ್ತಾಗುತ್ತದೆ.